ಬಾಕ್ಸ್ ಕಲ್ವರ್ಟ್: ತೂಬಿನ ಅಳತೆ ಮತ್ತು ಕೊರೆತ

ಪ್ರಶ್ನೆ: ಸೆಕೆಂಡಿಗೆ 8 ಘನ ಮೀಟರ್ ನೆರೆಗೆ 2×2 ಮೀಟರ್ ಬಾಕ್ಸ್ ಸಾಕಾ? ವೇಗ 2 ಮೀ/ಸೆ ಅಷ್ಟೇ ಬರುತ್ತೆ, ಕೊರೆತ ತಡೆ ಬೇಕಾ?

ಉತ್ತರ:

ಬಾಕ್ಸ್ ಸಾಕು. ಆದರೆ ಆ ವೇಗ ತಪ್ಪು, ಕೊರೆತ ತಡೆ ಬೇಕೇ ಬೇಕು.

ಮೊದಲು ನೆರೆಯನ್ನು ಪರೀಕ್ಷಿಸಿ. ಜಲಾನಯನ 80 ಹೆಕ್ಟೇರ್, ಹರಿವಿನ ಗುಣಾಂಕ 0.4, ಮಳೆ ಗಂಟೆಗೆ 90 ಮಿ.ಮೀ. ಇದ್ದರೆ:

Q = CIA/360 = 0.4×90×80/360 = 8 m³/s

ಇಲ್ಲಿ ದಿನದ ಮಳೆಯನ್ನು 24ರಿಂದ ಭಾಗಿಸಬೇಡಿ. ದೂರದ ಅಂಚಿನ ನೀರು ಕಲ್ವರ್ಟ್ ತಲುಪಲು ಎಷ್ಟು ಹೊತ್ತು ಬೇಕೋ, ಅಷ್ಟು ಹೊತ್ತಿನ ಮಳೆಯ ತೀವ್ರತೆ ಬೇಕು.

ನೀವು 8ನ್ನು 4 ಚದರ ಮೀಟರ್‌ನಿಂದ ಭಾಗಿಸಿದ್ದೀರಿ, ಅಲ್ವಾ? ಬಾಕ್ಸ್ ಪೂರ್ತಿ ತುಂಬಿ ಹರಿದರೆ ಮಾತ್ರ ಅದು ಸರಿ. ಕೆಳಗಡೆ ನೀರು ನಿಲ್ಲದೆ ಸಲೀಸಾಗಿ ಹೋಗುವಾಗ ಬಾಕ್ಸ್ ತುಂಬುವುದಿಲ್ಲ. ನೀರು ಕ್ರಿಟಿಕಲ್ ಆಳಕ್ಕೆ, ಅಂದರೆ ಆ ಹರಿವು ಅತಿ ಕಡಿಮೆ ಶಕ್ತಿಯಲ್ಲಿ ಸಾಗುವ ಆಳಕ್ಕೆ ಇಳಿಯುತ್ತದೆ. ಪ್ರತಿ ಮೀಟರ್ ಅಗಲಕ್ಕೆ ಹರಿವು q = 8/2 = 4 m²/s:

yc = (q²/g)^(1/3) = (4²/9.81)^(1/3) ≈ 1.18 m

ಆಗ ವೇಗ 4/1.18, ಅಂದರೆ ಸುಮಾರು 3.4 ಮೀ/ಸೆ. ತಳದ ಇಳಿಜಾರು ಕಡಿದಾಗಿದ್ದರೆ ಇನ್ನೂ ಜಾಸ್ತಿ. ಮೇಲ್ಗಡೆ ನೀರಿನ ಎತ್ತರ 1.5yc, ಪ್ರವೇಶ ನಷ್ಟ ಸೇರಿ ಸುಮಾರು 1.9 ಮೀಟರ್. ಬಾಕ್ಸ್‌ನ ಎತ್ತರದೊಳಗೇ ಇದೆ, ಆದರೆ ಕಸ ಸಿಕ್ಕಿಕೊಂಡರೆ ಜಾಗ ಉಳಿಯುವುದಿಲ್ಲ. ಮರಕೊಂಬೆ ಬರುವ ಹಳ್ಳವಾದರೆ ನಾನು 3 ಮೀಟರ್ ಅಗಲ ಕೊಡುತ್ತೇನೆ. ಆಗಲೂ ವೇಗ ಸುಮಾರು 3 ಮೀ/ಸೆ ಇರುತ್ತದೆ.

ಈ ವೇಗಕ್ಕೆ ಬರೀ ಮರಳು, ಮಣ್ಣು ನಿಲ್ಲುವುದಿಲ್ಲ. ನೀರು ಹೊರಬರುವ ಕಡೆ ತಳಕ್ಕೆ ಕಾಂಕ್ರೀಟ್ ಏಪ್ರನ್, ಅದರ ತುದಿಯಲ್ಲಿ ಕೊರೆತದ ಆಳಕ್ಕಿಂತ ಕೆಳಗಿಳಿಯುವ ಕರ್ಟನ್ ಗೋಡೆ, ಆಮೇಲೆ ಫಿಲ್ಟರ್ ಪದರದ ಮೇಲೆ ದಪ್ಪ ಕಲ್ಲು ಹಾಕಿ. ಫಿಲ್ಟರ್ ಬಿಟ್ಟರೆ ಕಲ್ಲಿನ ಸಂದಿಯಿಂದ ಮಣ್ಣು ಹೋಗಿ ಕಲ್ಲು ಕುಸಿಯುತ್ತದೆ. ಮಳೆಗಾಲದ ನಂತರ ಏಪ್ರನ್ ತುದಿಯ ಕೆಳಗೆ ಕೋಲು ತೂರಿಸಿ ನೋಡಿ. ಒಳಗೆ ಹೋದರೆ ಅಡಿಯ ಮಣ್ಣು ಆಗಲೇ ಕೊಚ್ಚಿಹೋಗಿದೆ.