ಮುಖ ಬೇಡ, ಕೈ ಮತ್ತು ದನಿ ಸಾಕು

"ಬ್ಯಾಡಗಿ ಮೆಣಸಿನಪುಡಿ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತೇನೆ. ಕ್ಯಾಮೆರಾ ಮುಂದೆ ಮಾತೇ ಬರಲ್ಲ. ಮುಖ ತೋರಿಸದೆ ಆಗಲ್ವಾ?"

ಖಂಡಿತ ಆಗುತ್ತದೆ. ಕಾಯಿ ಆರಿಸುವವರು ನೀವೇ ಅಂತ ಗಿರಾಕಿಗೆ ಗೊತ್ತಾಗಬೇಕು, ಅಷ್ಟೇ.

ಮೊದಲು ದನಿ ರೆಕಾರ್ಡ್ ಮಾಡಿ, ಗಿರಣಿ ಸದ್ದಿಲ್ಲದ ಕೋಣೆಯಲ್ಲಿ. ಬರೆದು ಓದಬೇಡಿ, ಓದಿದ್ದು ತಕ್ಷಣ ಗೊತ್ತಾಗುತ್ತದೆ. ಗಿರಾಕಿಯ ಒಂದೇ ಪ್ರಶ್ನೆಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿದ ಹಾಗೆ ಉತ್ತರ ಹೇಳಿ. "ಇಷ್ಟು ಕೆಂಪಗಿದೆ, ಬಣ್ಣ ಹಾಕಿದ್ದೀರಾ?" ಅಂದರೆ, "ಇಲ್ಲ, ಬ್ಯಾಡಗಿ ಕಾಯಿಗೆ ಬಣ್ಣವೇ ಜಾಸ್ತಿ, ಖಾರ ಕಡಿಮೆ." 30 ಸೆಕೆಂಡ್ ಸಾಕು.

ಆಮೇಲೆ ಕಿಟಕಿ ಬೆಳಕಿನಲ್ಲಿ ಕೈಗಳನ್ನಷ್ಟೇ ಮೇಲಿಂದ ಶೂಟ್ ಮಾಡಿ. ಸುಕ್ಕು ಕಾಯಿ ಮುರಿಯುವುದು, ತೊಟ್ಟು ಕೀಳುವುದು, ಕಪ್ಪಾದದ್ದನ್ನು ಬದಿಗೆ ಎಸೆಯುವುದು. ಈ ಎಸೆಯುವ ಶಾಟ್ ಬಿಡಲೇಬೇಡಿ! ಇನ್‌ಸೈಟ್ಸ್‌ನಲ್ಲಿ ಮೊದಲ 3 ಸೆಕೆಂಡಿಗೇ ಜನ ಜಾರಿದ್ದರೆ, ಅದನ್ನೇ ಶುರುವಿಗೆ ತನ್ನಿ.