ಇಂಜಿನ್ ಬಿಚ್ಚದೆ ಹೇಳಿದ ರೇಟು ರೇಟೇ ಅಲ್ಲ

ಪ್ರಶ್ನೆ: ನನ್ನ 2011ರ ಸ್ಪ್ಲೆಂಡರ್ ಹೊಗೆ ಬಿಡ್ತಿದೆ. ಮೆಕ್ಯಾನಿಕ್ 8,000 ಆಗುತ್ತೆ ಅಂತಿದ್ದಾರೆ. ಮಾರಿದರೆ 18,000 ಬರಬಹುದು. ಹೆಚ್ಚುಕಮ್ಮಿ ಅರ್ಧ ಬೆಲೆಯನ್ನು ರಿಪೇರಿಗೇ ಸುರಿಯೋದು ದಡ್ಡತನ ಅಲ್ವಾ? ಹೊಸದು ತಗೊಳ್ಳೋದೇ ವಾಸಿನಾ?

ನನ್ನದೂ ಸ್ಪ್ಲೆಂಡರ್ರೇ, 2008ರದು. ತುಮಕೂರಿನಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಊರಿಗೆ ಅದರಲ್ಲೇ ಓಡಾಟ. ಆಕ್ಸಿಲರೇಟರ್ ತಿರುವಿದರೆ ಸಾಕು, ಸೈಲೆನ್ಸರಿನಿಂದ ನೀಲಿ ಹೊಗೆ. ಹಿಂದೆ ಬರುವವರು ಮೂಗು ಮುಚ್ಚಿಕೊಂಡು ಓವರ್‌ಟೇಕ್ ಮಾಡಿ, ತಿರುಗಿ ಒಂದು ಸಲ ನೋಡಿ ಹೋಗುತ್ತಿದ್ದರು. ಆಯಿಲ್ ಸುಮಾರು ಒಂದು ಲೀಟರ್ ಹಿಡಿಯುವ ಇಂಜಿನ್ ಅದು. ಅದಕ್ಕೆ ಆಗಾಗ ಕಾಲು ಲೀಟರ್ ಸುರಿಯುತ್ತಿದ್ದೆ.

ಮೆಕ್ಯಾನಿಕ್ ಹತ್ತಿರ ಹೋಗಿ "ಎಷ್ಟಾಗುತ್ತೆ ಅಣ್ಣ?" ಅಂದೆ. "ಬಿಚ್ಚದೆ ಹೇಳೋಕಾಗಲ್ಲ ಸಾರ್" ಅಂದರು. ನಾನು ಬಿಡಲಿಲ್ಲ. ಅಂದಾಜಿಗೆ ಹೇಳಿ ಅಂತ ಪೀಡಿಸಿದೆ. ಹಾಫ್ ಇಂಜಿನ್ ಕೆಲಸ, ಅಂದರೆ ಬೋರಿಂಗ್, ಹೊಸ ಪಿಸ್ಟನ್, ರಿಂಗ್, ವಾಲ್ವ್ ಸೀಲ್, ಗ್ಯಾಸ್ಕೆಟ್, ಆಯಿಲ್, ಕೂಲಿ ಎಲ್ಲ ಸೇರಿ 7,000 ಅಂದರು. ಆ ಸಂಖ್ಯೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಬೋರ್ ಬಿಚ್ಚಿದ ದಿನ ಅವರು ಫೋನ್ ಮಾಡಿ, "ಕಾನ್‌ರಾಡ್ ಸ್ವಲ್ಪ ಆಡ್ತಿದೆ ಸಾರ್, ಇಂಜಿನ್ ಇಳಿಸಿ ಕೆಳಗಡೆನೂ ಮಾಡಿಬಿಡೋಣ್ವಾ, ಇನ್ನೊಂದು ಐದಾರು ಸಾವಿರ ಆಗುತ್ತೆ" ಅಂದರು. ನನಗೆ ಅದು ದುಡ್ಡು ಕೀಳುವ ಉಪಾಯ ಅನ್ನಿಸಿತು. "ಹೊಗೆ ನಿಂತರೆ ಸಾಕು, ಕೆಳಗಡೆ ಮುಟ್ಟಬೇಡಿ" ಅಂದೆ.

ನನಗೆ ದಂಡ ಬಿದ್ದಿದ್ದು ಈ ಒಂದು ಮಾತಿನಿಂದ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಜೋಡಿಸುವುದು ಕಾನ್‌ರಾಡ್. ಅದರ ಕೆಳತುದಿಯಲ್ಲಿ ಒಂದು ಬೇರಿಂಗ್ ಇರುತ್ತದೆ. ಪಿಸ್ಟನ್ ಓಡಾಡುವ ಬೋರ್ ಸವೆಯುತ್ತಾ ಹೋದಂತೆ ಕಂಪ್ರೆಷನ್ ಸೋರುತ್ತದೆ, ಬೇರಿಂಗ್ ಮೇಲೆ ಬೀಳುವ ಹೊಡೆತವೂ ಕಡಿಮೆಯಾಗುತ್ತದೆ. ಹಾಗಾಗಿ ಸವೆದ ಬೇರಿಂಗೂ ಹೇಗೋ ದಿನ ತಳ್ಳುತ್ತಿರುತ್ತದೆ. ಮೇಲೆ ಹೊಸ ಪಿಸ್ಟನ್ ಕೂರಿಸಿದ ತಕ್ಷಣ ಕಂಪ್ರೆಷನ್ ಪೂರ್ತಿ ವಾಪಸ್ ಬರುತ್ತದೆ. ಪ್ರತಿ ಹೊಡೆತವೂ ಆ ಹಳೇ ಬೇರಿಂಗಿಗೇ. ನನ್ನ ಬೈಕಿನಲ್ಲಿ ಹೊಗೆ ನಿಂತಿತು, ಪಿಕಪ್ ಚೆನ್ನಾಗಿ ಬಂತು, ಖುಷಿಯಾಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ದಿಬ್ಬ ಹತ್ತುವಾಗ ಕೆಳಗಿನಿಂದ ಟಕ ಟಕ ಶಬ್ದ ಶುರುವಾಯಿತು. ಟ್ಯಾಪೆಟ್ ಶಬ್ದ ಸಣ್ಣಗೆ, ಮೇಲಿನಿಂದ ಬರುತ್ತದೆ. ಇದು ದಪ್ಪ ಶಬ್ದ, ಫುಟ್‌ರೆಸ್ಟ್‌ನಲ್ಲಿ ಕಾಲಿಗೇ ಗೊತ್ತಾಗುತ್ತಿತ್ತು.

ಎರಡನೇ ಸಲ ಇಂಜಿನ್ ಇಳಿಸಿ, ಎರಡು ಹೋಳು ಮಾಡಿ, ಕ್ರ್ಯಾಂಕನ್ನು ಲೇಥ್ ಅಂಗಡಿಗೆ ಕಳಿಸಿ ಹೊಸ ರಾಡ್ ಕೂರಿಸಿದ್ದಾಯಿತು. ಅದಕ್ಕೆ 9,000. ಗ್ಯಾಸ್ಕೆಟ್, ಆಯಿಲ್, ಕೂಲಿ ಎಲ್ಲ ಎರಡೆರಡು ಸಲ ಕೊಟ್ಟೆ. ಮೊದಲೇ ಒಟ್ಟಿಗೆ ಮಾಡಿಸಿದ್ದರೆ 12,500ಕ್ಕೆ ಮುಗಿಯುತ್ತಿದ್ದ ಕೆಲಸ 16,000 ತಿಂದಿತು.

ಅದಕ್ಕೇ ಹೇಳುತ್ತಿರುವುದು, ನಿಮ್ಮ 8,000 ಇನ್ನೂ ರೇಟಲ್ಲ. ಮೊದಲು ಹೊಗೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ಬಂದು ಆಮೇಲೆ ನಿಂತರೆ ಬಹುತೇಕ ವಾಲ್ವ್ ಸೀಲ್ ಅಷ್ಟೇ. ಆಗ ಬೋರಿಂಗ್ ಬೇಕಾಗಿಯೇ ಇಲ್ಲದಿರಬಹುದು. ಬಿಸಿಯಾದ ಮೇಲೂ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗ್ ಮತ್ತು ಬೋರ್ ಸವೆದಿವೆ. ಹಾಗಿದ್ದರೆ ಬೋರ್ ಬಿಚ್ಚುವ ಹೊತ್ತಿಗೆ ನೀವೇ ಅಂಗಡಿಯಲ್ಲಿರಿ. ಮೆಕ್ಯಾನಿಕ್ ಕಾನ್‌ರಾಡ್ ಹಿಡಿದು ನೇರವಾಗಿ ಮೇಲೆ ಕೆಳಗೆ ಎಳೆದು ತೋರಿಸಲಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ತೊಂದರೆಯಿಲ್ಲ, ಅದು ಇರಬೇಕಾದ್ದೇ. ಮೇಲೆ ಕೆಳಗೆ ಒಂದು ಚೂರೂ ಆಡಬಾರದು. ಆಡಿದರೆ ಕೆಳಗಡೆನೂ ಸೇರಿಸಿ ಫುಲ್ ಇಂಜಿನ್ ಕೆಲಸದ ರೇಟು ಕೇಳಿ. ಲೆಕ್ಕ ಹಾಕಬೇಕಾದ್ದು ಆ ರೇಟಿನ ಮೇಲೆ.

ಇನ್ನು ನಿಮ್ಮ 18,000. ಎಲ್ಲಿಂದ ಬಂತು ಇದು? ಆನ್‌ಲೈನ್‌ನಲ್ಲಿ ಅದೇ ಮಾಡೆಲ್‌ಗೆ ಜನ ಹಾಕಿರೋ ಬೆಲೆ ನೋಡಿದಿರಿ ಅನ್ನಿಸುತ್ತೆ. ಅದು ಹೊಗೆ ಬಿಡದ ಬೈಕಿಗೆ ಮಾರುವವರು ಕೇಳುವ ಬೆಲೆ. ಹಳೇ ಬೈಕ್ ವ್ಯಾಪಾರ ಮಾಡುವವರ ಹತ್ತಿರ ನಿಮ್ಮದನ್ನು ಹೇಗಿದೆಯೋ ಹಾಗೇ ತಗೊಂಡು ಹೋಗಿ, ಈಗ ಎಷ್ಟು ಕೊಡುತ್ತೀರಿ, ಇಂಜಿನ್ ಮಾಡಿಸಿ ತಂದರೆ ಎಷ್ಟು ಅಂತ ಎರಡೂ ಕೇಳಿ. ನನಗೆ ಮೊದಲು 10,000 ಅಂದಿದ್ದರು, ಕೆಲಸ ಎಲ್ಲ ಮುಗಿದ ಮೇಲೆ ಅದೇ ಮನುಷ್ಯ 15,000 ಅಂದರು. 16,000 ಹಾಕಿದ್ದಕ್ಕೆ ಏರಿದ್ದು ಬರೀ 5,000. ಮಾರುವುದಕ್ಕೆಂದು ಇಂಜಿನ್ ಮಾಡಿಸುವುದು ಶುದ್ಧ ನಷ್ಟ. ಮಾರುವುದಿದ್ದರೆ ಹೊಗೆ ಸಮೇತ ಮಾರಿ, ಹೊಗೆ ಇದೆ ಅಂತ ಹೇಳಿಯೇ ಮಾರಿ.

ಆದರೆ ಓಡಿಸುವುದಿದ್ದರೆ "ಬೈಕಿನ ಬೆಲೆಯ ಅರ್ಧ ರಿಪೇರಿಗೆ" ಅನ್ನೋ ಲೆಕ್ಕವೇ ತಪ್ಪು ಅಂತ ನನ್ನ ಅಭಿಪ್ರಾಯ. 10,000ಕ್ಕೆ ಮಾರಿದರೆ ಆ ದುಡ್ಡಿಗೆ ಬದಲಿಗೆ ಏನು ಸಿಗುತ್ತದೆ ನೋಡಿ. ಒಂದು 30,000ದ ಸೆಕೆಂಡ್ ಹ್ಯಾಂಡ್ ತಗೊಂಡರೆ ಕೈಯಿಂದ 20,000 ಹೋಯಿತು. ಅದರ ಕಾನ್‌ರಾಡ್ ಹೇಗಿದೆಯೋ ದೇವರಿಗೇ ಗೊತ್ತು. ಹೊಸ 100 ಸಿಸಿ ಅಂದರೆ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿ ಲಕ್ಷದ ಹತ್ತಿರಕ್ಕೆ ಹೋಗುತ್ತದೆ. ನಿಮ್ಮದಕ್ಕೆ ಫುಲ್ ಇಂಜಿನ್ ಮಾಡಿಸಿದರೂ 13,000 ಆಸುಪಾಸು, ಒಳಗೆ ಏನು ಹಾಕಿದ್ದಾರೆ ಅಂತ ನಿಮಗೆ ಗೊತ್ತಿರುತ್ತದೆ. ಸ್ಪ್ಲೆಂಡರ್ ಪಾರ್ಟ್ಸ್ ಯಾವ ತಾಲ್ಲೂಕಿನಲ್ಲೂ ಸಿಗುತ್ತದೆ. ನಿಂತುಹೋದ ಮಾಡೆಲ್ ಆಗಿದ್ದರೆ ನಾನೇ ಮಾರಿ ಅಂತಿದ್ದೆ.

ಬೇಡ ಅನ್ನೋಕೆ ನನಗೆ ಕಾಣುವ ಇನ್ನೊಂದು ಕಾರಣ ಚಾಸಿ. ಹ್ಯಾಂಡಲ್ ಕೂರುವ ಜಾಗದಲ್ಲಿ, ಬ್ಯಾಟರಿ ಕೆಳಗೆ, ಸ್ವಿಂಗ್ ಆರ್ಮ್ ಸೇರುವ ಕಡೆ ತುಕ್ಕನ್ನು ಸ್ಕ್ರೂಡ್ರೈವರ್‌ನಿಂದ ಕುಕ್ಕಿ ನೋಡಿ. ಬಣ್ಣ ಉದುರಿದರೆ ಪರವಾಗಿಲ್ಲ. ಪೈಪ್ ಒಳಗೆ ಹೋದರೆ ಇಂಜಿನ್‌ಗೆ ಒಂದು ರೂಪಾಯಿಯೂ ಹಾಕಬೇಡಿ.

ಎಲ್ಲರೂ ಮರೆಯೋದು ಆರ್‌ಸಿ. ಖಾಸಗಿ ಬೈಕಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ನಿಮ್ಮದು 2011 ಅಂದರೆ 2026ರಲ್ಲಿ. ಆಮೇಲೆ 5 ವರ್ಷಕ್ಕೆ ರಿನ್ಯೂವಲ್ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಬೈಕಿಗೆ ಅದರ ಫೀಸು 1,000. ತಡವಾದರೆ ತಿಂಗಳಿಗೆ 300 ದಂಡ. ಜೊತೆಗೆ ಗ್ರೀನ್ ಟ್ಯಾಕ್ಸ್. ಅವಧಿ ಮುಗಿಯುವ 60 ದಿನ ಮೊದಲಿನಿಂದಲೇ ಅರ್ಜಿ ಹಾಕಬಹುದು. ಆರ್‌ಟಿಒದಲ್ಲಿ ಬೈಕ್ ತೋರಿಸಬೇಕು, ಹೊಗೆ ಬಿಡುವ ಬೈಕಿಗೆ ಎಮಿಷನ್ ಸರ್ಟಿಫಿಕೇಟ್ ಸಿಗೋದೇ ಕಷ್ಟ. ಆದ್ದರಿಂದ ಕಾರ್ಡಿನ ಮೇಲಿನ ತಾರೀಖು ನೋಡಿ, ಇಂಜಿನ್ ಕೆಲಸ ಅದಕ್ಕಿಂತ ಮುಂಚೆ ಮುಗಿಯುವ ಹಾಗೆ ನೋಡಿಕೊಳ್ಳಿ. ಈಗಾಗಲೇ ಮುಗಿದಿದ್ದರೆ ಆ ದಂಡವನ್ನೂ ರಿಪೇರಿ ಖರ್ಚಿಗೆ ಸೇರಿಸಿ.

ಮಾಡಿಸುತ್ತೀರಿ ಅಂತಾದರೆ ಹಳೇ ಪಿಸ್ಟನ್, ರಿಂಗ್ ಎಲ್ಲ ವಾಪಸ್ ಕೇಳಿ ಇಸ್ಕೊಳ್ಳಿ. ಹೊಸ ಪಿಸ್ಟನ್ ಬಾಕ್ಸಿನ ಮೇಲೆ 0.25 ಅಥವಾ 0.50 ಅಂತ ಇರುತ್ತದೆ, ಅದು ಎಷ್ಟು ಮಿಲಿಮೀಟರ್ ಓವರ್‌ಸೈಜ್ ಅಂತ. ಆ ಪಿಸ್ಟನ್ನನ್ನು ಲೇಥಿನವರ ಕೈಗೆ ಕೊಟ್ಟು, ಅದಕ್ಕೆ ಅಳತೆ ನೋಡಿಯೇ ಬೋರಿಂಗ್ ಮಾಡಿಸಲು ಹೇಳಿ. ಮೊದಲ 500 ಕಿಲೋಮೀಟರ್ 40-45ರ ಮೇಲೆ ಓಡಿಸಬೇಡಿ, ಡಬಲ್ಸ್ ಬೇಡ, ಆಮೇಲೆ ಆಯಿಲ್ ಪೂರ್ತಿ ಬದಲಾಯಿಸಿ. ಇಳಿಸಿದ ಆಯಿಲ್‌ನಲ್ಲಿ ಸಣ್ಣ ಲೋಹದ ಪುಡಿ ಮಿನುಗಿದರೆ ಗಾಬರಿಯಾಗಬೇಡಿ, ಮೊದಲ ಸಲ ಅದು ಬರುತ್ತದೆ.