ದುಡ್ಡು ಕೊಡುವ ಮೊದಲು ಪಾರ್ಸೆಲ್ ಬಿಚ್ಚಬಹುದಾ?

ಪ್ರಶ್ನೆ: ಕ್ಯಾಶ್ ಆನ್ ಡೆಲಿವರಿಯಲ್ಲಿ 3,600 ರೂಪಾಯಿಯ ಮಿಕ್ಸಿ ತರಿಸಿದ್ದೆ. ಬಿಚ್ಚಿ ನೋಡಿ ದುಡ್ಡು ಕೊಡ್ತೀನಿ ಅಂದರೆ ಡೆಲಿವರಿ ಹುಡುಗ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ವಾಪಸ್ ಕಳಿಸಿಬಿಟ್ಟೆ. ನೋಡಿ ತಗೊಳ್ಳೋ ಹಕ್ಕು ನನಗಿಲ್ವಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಇದೆ, ಆದರೆ ಅದಕ್ಕೊಂದು ಬಾಲವೂ ಇದೆ. 1930ರ ಸರಕು ಮಾರಾಟ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ, ಕೊಳ್ಳುವವರು ಕೇಳಿದರೆ ಮಾಲು ನೋಡಲು ಮಾರುವವರು ಅವಕಾಶ ಕೊಡಬೇಕು, 'ಬೇರೆ ರೀತಿ ಒಪ್ಪಂದ ಆಗಿಲ್ಲದಿದ್ದರೆ'. ಆರ್ಡರ್ ಮಾಡುವಾಗ ಓದದೆ ಒಪ್ಪಿಕೊಂಡ ಷರತ್ತುಗಳಿವೆಯಲ್ಲ, ಆ ಒಪ್ಪಂದ ಅಲ್ಲೇ ಇರುತ್ತದೆ.

ಅದೇ ಸೆಕ್ಷನ್‌ನಲ್ಲಿ ನಿಮಗೆ ಅನುಕೂಲವಾದ ಇನ್ನೊಂದು ಮಾತಿದೆ. ನೋಡಲು ಸಾಕಷ್ಟು ಅವಕಾಶ ಸಿಗುವವರೆಗೆ ನೀವು ಮಾಲು ಒಪ್ಪಿಕೊಂಡ ಹಾಗಲ್ಲ. ಅಂದರೆ ದುಡ್ಡು ಕೊಟ್ಟು ಬಾಕ್ಸ್ ಒಳಗಿಟ್ಟುಕೊಂಡರೂ ತಕರಾರು ಮಾಡುವ ದಾರಿ ಮುಚ್ಚುವುದಿಲ್ಲ.

ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ. ಸೀಲ್ ಒಡೆದ ಬಾಕ್ಸ್ ಹಬ್‌ಗೆ ವಾಪಸ್ ಹೋದರೆ ಮೊದಲು ಪ್ರಶ್ನೆ ಕೇಳುವುದು ಅವನನ್ನೇ. ಆರ್ಡರ್‌ನಲ್ಲಿ 'ಓಪನ್ ಬಾಕ್ಸ್ ಡೆಲಿವರಿ' ಅಂತಿದ್ದರೆ ಮಾತ್ರ ಬೇರೆ. ಆಗ ಅವನೇ ಬಿಚ್ಚಿ ತೋರಿಸಬೇಕು, ನೋಡಿದ ಮೇಲಷ್ಟೇ ಓಟಿಪಿ ಹೇಳಿ.

ಬಿಚ್ಚದೆಯೂ ತಿಳಿಯುವುದು ಬೇಕಾದಷ್ಟಿದೆ. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಅತ್ತಿಗೆಗೆ ಹೀಗೇ ಒಂದು ಪಾರ್ಸೆಲ್ ಬಂದಿತ್ತು. ಲೇಬಲ್‌ನಲ್ಲಿ ತೂಕ 4.2 ಕೆ.ಜಿ. ಅಂತಿತ್ತು, ಕೈಗೆ ಹಗುರ. ಹುಡುಗನನ್ನೂ ಕರೆದುಕೊಂಡು ಪಕ್ಕದ ದಿನಸಿ ಅಂಗಡಿಯ ತಕ್ಕಡಿಗಿಟ್ಟರು. ಒಂದೂಕಾಲು ಕೆ.ಜಿ.! ಟೇಪ್ ಕೂಡ ಎರಡು ಥರ, ಕೆಳಗೊಂದು ಹಳೇದು, ಮೇಲೊಂದು ಹೊಸದು. ಲೇಬಲ್, ಟೇಪ್, ತಕ್ಕಡಿ ಮೂರರ ಫೋಟೋ ತೆಗೆದು, ದುಡ್ಡು ಕೊಡದೆ ವಾಪಸ್ ಕಳಿಸಿದರು. ಎಲ್ಲ ಲೇಬಲ್‌ನಲ್ಲೂ ತೂಕ ಇರುವುದಿಲ್ಲ, ಟೇಪ್ ಅಂತೂ ಇದ್ದೇ ಇರುತ್ತದೆ.

ಹೊರಗೆ ಎಲ್ಲ ಸರಿಯಿದ್ದರೆ ದುಡ್ಡು ಕೊಟ್ಟು ತಗೊಳ್ಳಿ. ಬಿಚ್ಚುವಾಗ ಒಂದೇ ವಿಡಿಯೊ ಮಾಡಿ, ಎಲ್ಲೂ ನಿಲ್ಲಿಸಬೇಡಿ. ಲೇಬಲ್‌ನಿಂದ ಶುರುಮಾಡಿ, ಆರೂ ಮಗ್ಗುಲು ತೋರಿಸಿ, ಆಮೇಲೆ ಕತ್ತರಿ ಹಾಕಿ. ಮಿಕ್ಸಿ ಆದರೆ ಜಾರ್‌ಗಳನ್ನು ಎಣಿಸಿ, ಪ್ಲಗ್ ಹಾಕಿ ಓಡಿಸಿಯೂ ತೋರಿಸಿ.

ಕೆಟ್ಟ ಮಾಲು, ಬೇರೆ ಮಾಲು ಬಂದರೆ ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. 2020ರ ಇ-ಕಾಮರ್ಸ್ ನಿಯಮಗಳು ಹಾಗೆ ಹೇಳುತ್ತವೆ. ಆ್ಯಪ್‌ನ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಮಾರಿದವರು ಯಾವ ಊರಿನವರಾದರೂ ಸರಿ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ.

ನಾನು ಹೆದರುವುದು ಇನ್‌ಸ್ಟಾಗ್ರಾಂ ಜಾಹೀರಾತು ನೋಡಿ ತರಿಸುವ ಪಾರ್ಸೆಲ್‌ಗೆ. ಮಧ್ಯೆ ಆ್ಯಪ್ ಇಲ್ಲ, ದೂರು ಅಧಿಕಾರಿಯೂ ಇಲ್ಲ. ಲೇಬಲ್‌ನಲ್ಲಿ ಕಳಿಸಿದವರ ಪೂರ್ತಿ ವಿಳಾಸ, ಫೋನ್ ನಂಬರ್ ಇಲ್ಲದಿದ್ದರೆ ಅಲ್ಲೇ ಬೇಡ ಅನ್ನಿ.